ಉಳಿತಾಯ ಕಡಿಮೆಯಿದ್ದಾಗ ಎರಡನೆಯ ವ್ಯವಹಾರವನ್ನು ನಾನು ಆಯ್ದುಕೊಂಡ ಬಗೆ

ಸಣ್ಣ ತಯಾರಕರಿಗೆ ಮುದ್ರಿತ ರಟ್ಟಿನ ಪೆಟ್ಟಿಗೆಗಳನ್ನು ಪೂರೈಸುತ್ತಿದ್ದ ನನ್ನ ಮೊದಲ ವ್ಯಾಪಾರ ಮುಚ್ಚುವಾಗಲೂ ಆರ್ಡರುಗಳಿಗೆ ಕೊರತೆಯಿರಲಿಲ್ಲ. ಮಾಲು ಸರಾಸರಿ 45 ದಿನ ಗೋದಾಮಿನಲ್ಲಿರುತ್ತಿತ್ತು, ಮಾರಿದ ಮೇಲೆ ಹಣ ವಸೂಲಾಗಲು ಇನ್ನೂ 60 ದಿನ ಹಿಡಿಯುತ್ತಿತ್ತು, ರಟ್ಟು ಕೊಟ್ಟವರಿಗೆ ಮಾತ್ರ 15 ದಿನಗಳಲ್ಲೇ ಪಾವತಿಸಬೇಕಿತ್ತು. ಹೀಗೆ ಪ್ರತಿ ಆರ್ಡರಿನಲ್ಲೂ 90 ದಿನ ನನ್ನ ಸ್ವಂತ ಹಣ ಸಿಕ್ಕಿಕೊಳ್ಳುತ್ತಿತ್ತು. ವಹಿವಾಟು ಹೆಚ್ಚಿದಷ್ಟೂ ಆ ಮೊತ್ತವೂ ಹೆಚ್ಚುತ್ತಿತ್ತು.

ಆದ್ದರಿಂದ ಹೊಸ ಯೋಚನೆಗಳನ್ನು ಲಾಭದ ಪ್ರಮಾಣದಿಂದಲ್ಲ, ಹಾಕಿದ ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂಬುದರಿಂದ ಅಳೆಯಲು ನಿರ್ಧರಿಸಿದೆ. ಅದಕ್ಕೂ ಮೊದಲು ನಾನು ಹಳೆಯ ಬಾಕಿ ಕೊಡಬೇಕಿದ್ದವರೊಂದಿಗೆ ಕಂತುಗಳನ್ನು ಗೊತ್ತುಮಾಡಿಕೊಂಡು, ಆರು ತಿಂಗಳ ಕಂತು ಹಾಗೂ ಮನೆಖರ್ಚನ್ನು ಬೇರೆ ಖಾತೆಯಲ್ಲಿಟ್ಟೆ. ಬಳಿಕ ಉಳಿದದ್ದು ಒಂದೂವರೆ ತಿಂಗಳ ಖರ್ಚಿನಷ್ಟು ಮಾತ್ರ. ಬಾಕಿಯನ್ನು ಕಳೆಯದೆ ಉಳಿತಾಯವನ್ನು ಎಣಿಸಿದರೆ, ಇಲ್ಲದ ಬಂಡವಾಳಕ್ಕೆ ಯೋಜನೆ ಹಾಕಿದಂತಾಗುತ್ತದೆ.

ಮನಸ್ಸಿನಲ್ಲಿದ್ದ, ಯಂತ್ರ ಕೊಂಡು ಬಾಡಿಗೆಗೆ ಕೊಡುವ ಯೋಚನೆ ಈ ಮೊತ್ತಕ್ಕೆ ಎಟುಕದೆ ತಾನಾಗಿಯೇ ಬಿದ್ದುಹೋಯಿತು. ಬೇರೆ ಯೋಚನೆಗಳನ್ನು ಹುಡುಕಲು ಹಳೆಯ ಬಿಲ್ಲುಗಳನ್ನು ತೆರೆದು, ಗಿರಾಕಿಗಳು ಯಾವ ಬಾಬ್ತಿನ ಹಣವನ್ನು ನೆನಪಿಸದೆಯೇ ಕೊಟ್ಟಿದ್ದರು ಎಂದು ಗುರುತು ಹಾಕುತ್ತ ಹೋದೆ. ಪೆಟ್ಟಿಗೆಗಳ ಬಿಲ್ಲು ತಿಂಗಳುಗಟ್ಟಲೆ ನಿಂತಿದ್ದರೂ, ಮುದ್ರಣಕ್ಕೆ ಮುನ್ನ ಅವರ ವಿನ್ಯಾಸವನ್ನು ಸರಿಪಡಿಸಿದ್ದಕ್ಕೆ ಹಾಕಿದ ಸಣ್ಣ ಶುಲ್ಕ ಮಾತ್ರ ಸದಾ ಕೂಡಲೇ ಬಂದಿತ್ತು. ಅಂಚಿನಲ್ಲಿ 3 ಮಿಲಿಮೀಟರು ಹೆಚ್ಚುವರಿ ಬಣ್ಣ ಬಿಡದಿರುವುದು, ಮಡಿಕೆಯ ಗೆರೆಯ ಮೇಲೆ ಅಕ್ಷರ ಬೀಳುವುದು ಮುಂತಾದ ದೋಷಗಳಿಂದ ಇಡೀ ಮುದ್ರಣವೇ ಹಾಳಾಗುವ ಭಯ ಅವರಿಗಿತ್ತು. ಆ ಸೇವೆಯನ್ನೇ ಪ್ರತ್ಯೇಕವಾಗಿ ಮಾರಲು ಗೋದಾಮು ಬೇಡ, ಮಾಲು ಬೇಡ. ನನ್ನ ಬಳಿಯಿದ್ದ ಕಂಪ್ಯೂಟರು ಸಾಕಿತ್ತು.

ಪರೀಕ್ಷೆಗೆ ಒಂದೇ ಷರತ್ತು ಇಟ್ಟೆ: ಅರ್ಧ ಹಣ ಮುಂಗಡ. "ಒಳ್ಳೆಯ ಯೋಚನೆ, ಖಂಡಿತ ಮಾಡಿಸೋಣ" ಎಂದವರಲ್ಲಿ ಹೆಚ್ಚಿನವರು ಮುಂಗಡದ ಮಾತಿಗೆ ಸುಮ್ಮನಾದರು. ಕೊಟ್ಟವರಲ್ಲೂ ಕೆಲವರದು ನನ್ನ ಪರಿಸ್ಥಿತಿಯ ಮೇಲಿನ ಅನುಕಂಪವಾಗಿತ್ತು (ಹಳೆಯ ಪರಿಚಯದಲ್ಲಿ ಇದು ಸಹಜ), ಹಾಗಾಗಿ ಮೊದಲ ಆರ್ಡರನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದೇ ಗಿರಾಕಿ ರಿಯಾಯಿತಿ ಕೇಳದೆ ಎರಡನೆಯ ಕೆಲಸ ತಂದರೆ, ಇಲ್ಲವೇ ನನ್ನ ಪರಿಚಯವೇ ಇಲ್ಲದವರನ್ನು ಕಳಿಸಿದರೆ ಮಾತ್ರ ಅದನ್ನು ಬೇಡಿಕೆಯೆಂದು ಬರೆದುಕೊಂಡೆ. ಇಂಥ ಬರಹಗಳು ನಿಯಮಿತವಾಗಿ ಸೇರತೊಡಗಿದ ಮೇಲೆಯೇ ಬೇರೆ ಯೋಚನೆಗಳನ್ನು ಬದಿಗಿಟ್ಟೆ.

ಈ ಅಳತೆಯು ದೀರ್ಘಕಾಲ ಬೆಳೆಸಬೇಕಾದ ಒಳ್ಳೆಯ ಯೋಚನೆಗಳನ್ನೂ ತಳ್ಳಿಹಾಕುತ್ತದೆ. ನನ್ನ ಗಳಿಕೆಯೂ ನಾನು ದುಡಿಯುವ ಗಂಟೆಗಳನ್ನು ಮೀರಲಾರದು. ಬಾಕಿ ತೀರುವವರೆಗೆ ಆ ಮಿತಿಯನ್ನು ಒಪ್ಪಿಕೊಂಡಿದ್ದೇನೆ.