ಅರ್ಧ ಟ್ಯಾಂಕ್, ಮೂರು ಮೀಟರ್ ಸಾಲು: ಇಪ್ಪತ್ತು ಗುಂಟೆ ಗದ್ದೆಗೆ ಡ್ರೋನ್ ಹೊಂದಿಸಿದ ನನ್ನ ಅನುಭವ

"ಹತ್ತು ಲೀಟರ್ ಟ್ಯಾಂಕ್ ತಗೊಂಡು ಐದೂವರೆ ಲೀಟರ್ ಹಾಕ್ತೀಯಲ್ಲೋ, ತಲೆ ಸರಿ ಇದ್ಯಾ?" ಅಂತ ನಮ್ಮ ಭಾವ ಕೇಳಿದ್ದರು. ಈ ಮುಂಗಾರಿನಲ್ಲಿ ಅವರ ಗದ್ದೆಗೂ ನಾನೇ ಔಷಧಿ ಹೊಡೆದೆ. ಆಮೇಲೆ ಸುಮ್ನಾದರು.

ನಮ್ಮದು ಮದ್ದೂರಿನ ಕಡೆ, ನಾಲೆ ನೀರಿನ ಭತ್ತ. ಒಬ್ಬೊಬ್ಬರದು ಇಪ್ಪತ್ತು, ಮೂವತ್ತು ಗುಂಟೆ, ಬದುವಿನ ಮೇಲೆ ತೆಂಗಿನ ಮರ. ಡ್ರೋನು, ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಹತ್ತಿರ ಹೋಯ್ತು. ಮೊದಲ ಸೀಸನ್ನಿನಲ್ಲಿ ಮಾರಿದವರು ಹೇಳಿದ ಹಾಗೇ ನಡೆದೆ: ಟ್ಯಾಂಕ್ ತುಂಬಿಸು, ಡ್ರೋನ್ ಹಾರುವ ಸಾಲಿನ ಅಂತರ ಐದು ಮೀಟರ್ ಇಡು. ಹತ್ತು ದಿನ ಬಿಟ್ಟು ನೋಡಿದರೆ ಗದ್ದೆಯಲ್ಲಿ ಪಟ್ಟೆ ಪಟ್ಟೆ. ಡ್ರೋನ್ ಹೋದ ದಾರಿ ಹಸಿರು, ಎರಡು ದಾರಿಗಳ ನಡುವೆ ಎಲೆ ಸುರುಳಿ ಹುಳು ತಿಂದ ಬಿಳಿ ಗೆರೆ. ಗದ್ದೆಯವರಿಗೆ ದುಡ್ಡು ವಾಪಸ್ ಕೊಟ್ಟು, ಬೆನ್ನಿಗೆ ಪಂಪು ಹಾಕಿಕೊಂಡು ಮತ್ತೆ ನಾನೇ ಹೊಡೆದೆ.

ಸಾಲಿನ ಅಂತರವನ್ನು ನಾವೇ ಅಳೆದುಕೊಳ್ಳಬೇಕು. ಒದ್ದೆಯಾದರೆ ನೀಲಿಯಾಗುವ ಹಳದಿ ಕಾಗದ ಸಿಗುತ್ತೆ, ಆದರೆ ದುಬಾರಿ. ಬೆಳಗಿನ ಇಬ್ಬನಿಗೇ ಅರ್ಧ ನೀಲಿಯಾಗಿ ನನಗೆ ಎರಡು ಪೊಟ್ಟಣ ದಂಡವಾಯ್ತು. ಕೊನೆಗೆ ಅಂಗಡಿ ಬಿಲ್ಲಿನ ಬಿಳಿ ಕಾಗದದ ಸುರುಳಿ ತಂದೆ. ಟ್ಯಾಂಕಿನ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿದೆ. ಸುರುಳಿಯನ್ನು ದಾರಿಗೆ ಅಡ್ಡಲಾಗಿ ಎಂಟು ಮೀಟರ್ ಹಾಸಿ, ಪೈರಿನಿಂದ ಎರಡು ಮೀಟರ್ ಎತ್ತರ ಬರುವ ಲೆಕ್ಕದಲ್ಲಿ ಒಂದೇ ಸಲ ಮೇಲೆ ಹಾರಿಸಿದೆ. ನಡುವೆ ದಟ್ಟ ಚುಕ್ಕೆ. ಎರಡೂ ಪಕ್ಕ ಒಂದೂವರೆ ಮೀಟರ್ ದಾಟುತ್ತಿದ್ದ ಹಾಗೆ ಚುಕ್ಕೆ ಅರ್ಧಕ್ಕೆ ಇಳಿದಿತ್ತು. ಈ ಸಾಲಿನ ಅರ್ಧ, ಪಕ್ಕದ ಸಾಲಿನ ಅರ್ಧ ಸೇರಿದರೆ ಪೂರ್ತಿ ಆಗುತ್ತೆ ಅಲ್ವಾ? ಹಾಗಾಗಿ ಮೂರು ಮೀಟರ್.

ಇನ್ನು ನಾಜಲ್. ಎಕರೆಗೆ ಹತ್ತು ಲೀಟರ್ ಅಂದರೆ ಗುಂಟೆಗೆ ಕಾಲು ಲೀಟರ್. ಸೆಕೆಂಡಿಗೆ ನಾಲ್ಕು ಮೀಟರ್ ವೇಗ, ಮೂರು ಮೀಟರ್ ಅಗಲ ಇದ್ದರೆ ನಿಮಿಷಕ್ಕೆ 720 ಚದರ ಮೀಟರ್, ಅಂದರೆ ಏಳು ಗುಂಟೆ ಚಿಲ್ಲರೆ. ಅಲ್ಲಿಗೆ ನಿಮಿಷಕ್ಕೆ 1.8 ಲೀಟರ್ ಹತ್ತಿರ ಬೇಕು. ನಾಲ್ಕು ನಾಜಲ್ ಹಂಚಿಕೊಂಡರೆ ತಲಾ 440 ಮಿಲಿ. ನನ್ನಲ್ಲಿದ್ದ ಕಿತ್ತಳೆ ಬಣ್ಣದ ನಾಜಲ್ ಮೂರು ಬಾರ್ ಒತ್ತಡದಲ್ಲೂ 390 ದಾಟಲ್ಲ. ನಾಲ್ಕಕ್ಕೂ ಸೇರಿ ಅಷ್ಟು ಒತ್ತಡ ನನ್ನ ಪಂಪು ಕೊಡಲೂ ಇಲ್ಲ. ಅದಕ್ಕಿಂತ ದೊಡ್ಡ ತೂತಿನ ಹಸಿರು ನಾಜಲ್‌ಗೆ ಬದಲಾಯಿಸಿದೆ. ಅದಕ್ಕೆ ಎರಡು ಬಾರ್‌ಗಿಂತ ಕಡಿಮೆ ಸಾಕು, ಹನಿಯೂ ಸ್ವಲ್ಪ ದಪ್ಪ, ಗಾಳಿಗೆ ಅಷ್ಟು ತೇಲಲ್ಲ. ಪ್ರತಿ ನಾಜಲ್ ಕೆಳಗೆ ಬಾಟಲಿ ಕಟ್ಟಿ ಒಂದು ನಿಮಿಷ ಅಳೆಯಿರಿ. ಒಮ್ಮೆ ಒಂದು 460, ಇನ್ನೊಂದು 370 ಬಂತು. ಬಿಚ್ಚಿ ನೋಡಿದರೆ ಜಾಲರಿಯಲ್ಲಿ ಪುಡಿ ಔಷಧಿ ಗಟ್ಟಿಯಾಗಿ ಕೂತಿತ್ತು.

ಆಮೇಲೂ ಬದುವಿನ ಪಕ್ಕದ ಪೈರು ಸುಡುತ್ತಿತ್ತು. ತಿರುವಿನಲ್ಲಿ ಡ್ರೋನ್ ನಿಧಾನವಾಗುತ್ತೆ, ಪಂಪು ಮಾತ್ರ ಅದೇ ಜೋರಿನಲ್ಲಿ ಸುರಿಯುತ್ತೆ. ನನ್ನ ಡ್ರೋನ್ ನಡೆಸುವ ಸಾಫ್ಟ್‌ವೇರ್ ಆರ್ಡುಪೈಲಟ್. `SPRAY_PUMP_RATE` ಅಂದರೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಪಂಪು ಎಷ್ಟು ಶೇಕಡಾ ಓಡಬೇಕು ಅಂತ. ನನಗೆ 17-18 ಸರಿ ಬಂತು. `SPRAY_SPEED_MIN` 150 ಇಟ್ಟೆ, ಅಂದರೆ ಸೆಕೆಂಡಿಗೆ ಒಂದೂವರೆ ಮೀಟರ್, ಅದಕ್ಕಿಂತ ನಿಧಾನವಾದರೆ ಪಂಪು ನಿಲ್ಲುತ್ತೆ. ಪಂಪು ತೀರಾ ನಿಧಾನ ಓಡಿದರೆ ನಾಜಲ್ ತೊಟ್ಟಿಕ್ಕುತ್ತೆ, ಅದಕ್ಕೆ `SPRAY_PUMP_MIN` ಕೂಡ ಇಟ್ಟುಕೊಂಡಿದ್ದೇನೆ. ಎಷ್ಟು ಅನ್ನೋದು ಪಂಪಿನಿಂದ ಪಂಪಿಗೆ ಬೇರೆ, ನೀವೇ ಹುಡುಕಿ.

ಈಗ ಭಾವನ ಗದ್ದೆ. ಅಗಲ 27 ಮೀಟರ್, ಉದ್ದ 75. ಸರಿಯಾಗಿ ಇಪ್ಪತ್ತು ಗುಂಟೆ. ಬದುವಿನಿಂದ ಒಂದೂವರೆ ಮೀಟರ್ ಒಳಗೆ ಮೊದಲ ಸಾಲು, ಒಟ್ಟು ಒಂಬತ್ತು ಸಾಲು, 675 ಮೀಟರ್ ಹಾರಾಟ. ತಿರುವು ಸೇರಿ ನಾಲ್ಕು ನಿಮಿಷದೊಳಗೆ ಮುಗಿಯಿತು, ಖರ್ಚಾದ ಔಷಧಿ ಐದು ಲೀಟರ್. ತಳದಲ್ಲಿ ಪಂಪು ಗಾಳಿ ಎಳೆಯುತ್ತೆ ಅಂತ ಅರ್ಧ ಲೀಟರ್ ಜಾಸ್ತಿ. ಪಕ್ಕದ ಗದ್ದೆ ಬೇರೆಯವರದು, ಔಷಧಿಯೂ ಬೇರೆ, ಟ್ಯಾಂಕ್ ತೊಳೆಯಲೇಬೇಕು. ಹಾಗಿದ್ದ ಮೇಲೆ ಮಿಕ್ಕ ನಾಲ್ಕೂವರೆ ಕೆಜಿ ಯಾಕೆ ಹೊತ್ತು ಹಾರಬೇಕು? ತುಂಬಿದ ಟ್ಯಾಂಕಿನಲ್ಲಿ ಒಂಬತ್ತನೇ ನಿಮಿಷಕ್ಕೇ ಬ್ಯಾಟರಿ ಕೂಗುತ್ತಿತ್ತು. ಈಗ ಒಂದು ಜೊತೆ ಬ್ಯಾಟರಿಯಲ್ಲಿ ಇಂಥ ಎರಡು ಗದ್ದೆ ಮುಗಿಸಿಯೂ ಸ್ವಲ್ಪ ಉಳಿಯುತ್ತೆ. ಒಂದು ಜೊತೆ ಬ್ಯಾಟರಿಗೆ ನಲವತ್ತು ಸಾವಿರ ಕೊಡೋರಿಗೆ ಇದು ಸಣ್ಣ ವಿಷಯ ಅಲ್ಲ.

ನಡುವೆ ಕಬ್ಬಿನ ಮೇಲೆ ಸೆಕೆಂಡಿಗೆ ಆರು ಮೀಟರ್ ಓಡಿಸಿ ನೋಡಿದೆ. ಹನಿ ಕೆಳಗೆ ಇಳಿಯದೆ ಹಿಂದೆಯೇ ತೇಲಿತು, ಕೆಳಗಿನ ಎಲೆಗೆ ಕಟ್ಟಿದ ಕಾಗದದಲ್ಲಿ ಚುಕ್ಕೆಯೇ ಇಲ್ಲ. ಅಲ್ಲಿಗೆ ಬಿಟ್ಟೆ. ತೆಂಗಿನ ಮರದ ಬುಡದ ಒಂದು ಸಾಲು ಈಗಲೂ ಕೈಪಂಪಿನಲ್ಲೇ.

ಔಷಧಿ ಎಲೆಗೆ ಹಿಡಿಯೋಕೆ ಬೆರೆಸುವ ಅಂಟು ಯಾವುದು, ಎಷ್ಟು ಹಾಕ್ತೀನಿ ಅಂತ ಎಲ್ಲರೂ ಕೇಳ್ತಾರೆ. ಅದು ನನ್ನ ಹತ್ತಿರವೇ ಇರಲಿ. ಈಗ ಎಕರೆಗೆ ಐನೂರು ತಗೊಳ್ತೀನಿ, ಭಾವನ ಹತ್ತಿರವೂ ತಗೊಂಡೆ.