ಎತ್ತರದ ತಲೆನೋವು: ನಾನು ಹೇಗೆ ಪರೀಕ್ಷಿಸುತ್ತೇನೆ

ಚಾರಣದ ತಂಡಗಳನ್ನು ಕರೆದೊಯ್ಯುವುದು ನನ್ನ ಕೆಲಸ. 2500 ಮೀಟರ್ ದಾಟಿದ ಮೇಲೆ ಸಂಜೆ ಯಾರಾದರೊಬ್ಬರು ತಲೆ ಹಿಡಿದು ಕೂರುವುದು ಮಾಮೂಲು. ಅಷ್ಟು ಮೇಲೂ ಗಾಳಿಯಲ್ಲಿ ಆಮ್ಲಜನಕ ಕೆಳಗಿನಂತೆಯೇ ಶೇ 21ರಷ್ಟು ಇರುತ್ತದೆ. ಆದರೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಒಂದು ಉಸಿರಿಗೆ ಸಿಗುವುದೂ ಕಡಿಮೆ. ಕೊರತೆ ತುಂಬಿಕೊಳ್ಳಲು ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಜಾಸ್ತಿ ಹರಿಯುತ್ತದೆ. ಬುರುಡೆ ಮಾತ್ರ ಹಿಗ್ಗುವುದಿಲ್ಲ ಅಲ್ವಾ? ಒಳಗಿನ ಒತ್ತಡ ಏರಿ ನೋವು ಶುರುವಾಗುತ್ತದೆ. ಮೇಲೆ ಬಂದ ಕೂಡಲೇ ಅಲ್ಲ, ಸಾಮಾನ್ಯವಾಗಿ ಕೆಲವು ಗಂಟೆಗಳ ನಂತರ.

ಒಮ್ಮೆ 3800 ಮೀಟರ್ ಎತ್ತರದ ಶಿಬಿರದಲ್ಲಿ ತಂಡದ ಒಬ್ಬರಿಗೆ ರಾತ್ರಿ ಹೀಗಾಯಿತು. ಹಿಂದಿನ ರಾತ್ರಿ ಮಲಗಿದ್ದು 3200ರಲ್ಲಿ. ತಲೆ ಎರಡೂ ಕಡೆ ಮಿಡಿಯುತ್ತಿತ್ತು, ಬಗ್ಗಿದರೆ ಜಾಸ್ತಿ. ಊಟ ಬೇಡ, ಹೊಟ್ಟೆ ತೊಳಸುತ್ತಿದೆ ಎಂದರು. ಮೊದಲು ಅವರನ್ನು ಡೇರೆಯಿಂದ ಹೊರಗೆ ಕರೆದೆ. ಮುಚ್ಚಿದ ಡೇರೆಯಲ್ಲಿ ಸ್ಟೋವ್ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್‌ನಿಂದಲೂ ಹೀಗೇ ತಲೆ ನೋಯುತ್ತದೆ. ಅವರ ಡೇರೆಯಲ್ಲಿ ಸ್ಟೋವ್ ಇರಲಿಲ್ಲ. ನೀರು ಕುಡಿಸಿ ಪ್ಯಾರಾಸಿಟಮಾಲ್ ಕೊಟ್ಟೆ. ಮಾತ್ರೆಗೆ ನೋವು ಇಳಿದರೆ ಒಳ್ಳೆಯದೇ. ಆದರೆ ಎತ್ತರದ ಕಾಯಿಲೆ ಇಲ್ಲ ಅನ್ನುವುದಕ್ಕೆ ಅದು ಪುರಾವೆಯಲ್ಲ.

ನಾನು ಹೆಚ್ಚು ನಂಬುವುದು ನಡಿಗೆಯನ್ನು. ಸಮತಟ್ಟು ನೆಲದಲ್ಲಿ ಒಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಸುತ್ತೇನೆ. ದಣಿವಿಗೇ ವಾಲುತ್ತಿದ್ದಾರೋ ಎಂದು ತಿಳಿಯಲು ಚೆನ್ನಾಗಿರುವ ಒಬ್ಬರನ್ನೂ ಅದೇ ಗೆರೆ ಮೇಲೆ ನಡೆಸುತ್ತೇನೆ. ತಲೆನೋವಿದ್ದವರು ನೆಟ್ಟಗೆ ನಡೆದರು, ಮಾತೂ ಸ್ಪಷ್ಟವಾಗಿತ್ತು. ಹಾಗಾಗಿ ಮರುದಿನ ಮೇಲೆ ಹೋಗದೆ ಅಲ್ಲೇ ಉಳಿದೆವು. ರಾತ್ರಿ ಇನ್ನೊಬ್ಬರನ್ನು ಅವರ ಜೊತೆ ಮಲಗಿಸಿದೆ. ನಿದ್ದೆ ಮಾತ್ರೆ ಕೊಡಲಿಲ್ಲ, ಅದು ಉಸಿರಾಟವನ್ನು ತಗ್ಗಿಸಬಹುದು. ಮರುದಿನ ಸಂಜೆಗೆ ಹಸಿವು ಮರಳಿತು, ತಲೆಯೂ ಹಗುರಾಯಿತು.

ಹೆಜ್ಜೆ ಗೆರೆ ತಪ್ಪಿದ್ದರೆ ಅಥವಾ ಮಾತು ತೊದಲಿದ್ದರೆ ಬೆಳಗಿನವರೆಗೆ ಕಾಯುತ್ತಿರಲಿಲ್ಲ. ಅದು ಮಿದುಳು ಊದಿಕೊಳ್ಳುತ್ತಿರುವ ಲಕ್ಷಣ. ರಾತ್ರಿಯೇ ಜೊತೆಗೊಬ್ಬರನ್ನು ಕೊಟ್ಟು ಕೆಳಗಿಳಿಸಬೇಕು. ಆಮ್ಲಜನಕ, ಊತ ತಗ್ಗಿಸುವ ಔಷಧ ಡೆಕ್ಸಾಮೆಥಸೋನ್ ಇದ್ದರೆ ಕೊಡಬೇಕು, ಆದರೆ ಅವನ್ನು ನಂಬಿ ಅಲ್ಲೇ ಕೂರಬಾರದು. ಸುಮ್ನೆ ಕೂತಿದ್ದರೂ ಏದುಸಿರು, ಜೊತೆಗೆ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಆಗಲೂ ಇಳಿಯುವುದೇ ದಾರಿ.

ವಿಮಾನದ ಮಾತು ಬೇರೆ. ಇಳಿಯುವಾಗ ಒಂದು ಕಣ್ಣಿನ ಸುತ್ತ ಚುಚ್ಚಿ, ಅರ್ಧ ಗಂಟೆಯೊಳಗೆ ಹೋಗುವ ನೋವು ಹೆಚ್ಚಾಗಿ ಒತ್ತಡದ ಏರುಪೇರಿನದು. ಆದರೆ ಬೆಟ್ಟವಿರಲಿ, ವಿಮಾನವಿರಲಿ, ಕ್ಷಣದಲ್ಲಿ ಸಿಡಿಲಿನಂತೆ ಬಂದ ನೋವು, ಜ್ವರದ ಜೊತೆ ಬಿಗಿದ ಕತ್ತು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಎತ್ತರದ ಮೇಲೆ ಹೊರಿಸದೆ ನೇರ ಆಸ್ಪತ್ರೆಗೆ ಹೋಗಬೇಕು.