ಹೊಲಿಗೆ ದಾಟುವ ಸಾಲುಗಳು: ಎದುರುಬದುರು ಪುಟಗಳ ಕೋಷ್ಟಕವನ್ನು ಒಂದಾಗಿಸಿದ ನನ್ನ ಅನುಭವ

ಅವಿಭಜಿತ ಧಾರವಾಡ ಜಿಲ್ಲೆಯ 1961ರ ಜನಗಣತಿಯ ಗ್ರಾಮವಾರು ಕೋಷ್ಟಕಗಳನ್ನು ಎಕ್ಸೆಲ್‌ಗೆ ಇಳಿಸಿಕೊಡಲು ನಾನು ಒಪ್ಪಿಕೊಂಡಾಗ, ಧಾರವಾಡದಲ್ಲಿ ಇದೇ ವೃತ್ತಿಯಲ್ಲಿರುವ ಗೆಳೆಯರು ಇದು ಕೈಯಿಂದ ಟೈಪ್ ಮಾಡದೆ ಆಗುವ ಕೆಲಸವಲ್ಲವೆಂದು ಖಚಿತವಾಗಿ ಹೇಳಿದ್ದರು. ನನ್ನ ಬಳಿ ಬಂದ ಪ್ರತಿಯಲ್ಲಿ ಒಂದೊಂದು ಊರಿನ ಸಾಲು ಎಡಪುಟದಲ್ಲಿ ಕ್ರಮಸಂಖ್ಯೆ, ಹೆಸರು, ವಿಸ್ತೀರ್ಣ, ಜನಸಂಖ್ಯೆಗಳಿಂದ ಆರಂಭವಾಗಿ, ನಡುವಿನ ಹೊಲಿಗೆಯನ್ನು ದಾಟಿ, ಬಲಪುಟದಲ್ಲಿ ದುಡಿಯುವವರ ಒಂಬತ್ತು ವರ್ಗಗಳು ಹಾಗೂ ಹತ್ತನೆಯದಾದ ದುಡಿಯದವರ ವರ್ಗದೊಂದಿಗೆ ಮುಗಿಯುತ್ತಿತ್ತು.

ಮೊದಲು ಎರಡೂ ಪುಟಗಳನ್ನು ಒಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಅಂಕಿಗಳನ್ನು ಓದುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟು ನೋಡಿದೆ. ಹೊಲಿಗೆಯ ಬಳಿ ಕಾಗದ ಬಾಗುವುದರಿಂದ ಸಾಲುಗಳು ಅಲ್ಲಿ ಇಳಿಜಾರಾಗಿ, ಎಡಪುಟದ ಒಂದು ಊರಿಗೆ ಬಲಪುಟದ ಮುಂದಿನ ಊರಿನ ಅಂಕಿಗಳು ಅಂಟಿಕೊಂಡವು. ಪುಟಗಳನ್ನು ಬೇರೆ ಬೇರೆಯಾಗಿ ಓದಿಸಿ ಮೇಲಿನಿಂದ ಕೆಳಕ್ಕೆ ಸಾಲಿಗೆ ಸಾಲು ಜೋಡಿಸಿದಾಗ ಫಲಿತಾಂಶ ಚೆನ್ನಾಗಿಯೇ ಕಂಡಿತು, ತಾಲ್ಲೂಕಿನ ಮೊತ್ತವೂ ಪ್ರತಿ ಕಾಲಮ್ಮಿನಲ್ಲಿ ಹೊಂದಿಕೊಂಡಿತು. ಆದರೂ ಕೋಷ್ಟಕ ತಪ್ಪಾಗಿತ್ತು. ಕಾರಣ ಬೇಚರಾಕ್ ಗ್ರಾಮಗಳು. ಜನವಸತಿ ಇಲ್ಲದ ಊರಿಗೆ ಎಡಪುಟದಲ್ಲಿ ಹೆಸರು ಮತ್ತು ವಿಸ್ತೀರ್ಣ ಇರುತ್ತವೆ, ಬಲಪುಟದಲ್ಲಿ ಆ ಜಾಗ ಖಾಲಿ ಇರುತ್ತದೆ, ಮತ್ತು ಓಸಿಆರ್ ಖಾಲಿ ಜಾಗವನ್ನು ಸಾಲೆಂದು ಎಣಿಸುವುದಿಲ್ಲ. ಹೀಗಾಗಿ 37ನೆಯ ಊರು ಬೇಚರಾಕ್ ಆಗಿದ್ದರೆ, 38ರ ಅಂಕಿಗಳು 37ಕ್ಕೆ, 39ರವು 38ಕ್ಕೆ ಎಂಬಂತೆ ಪುಟದ ಕೊನೆಯವರೆಗೂ ಎಲ್ಲವೂ ಒಂದು ಮೆಟ್ಟಿಲು ಮೇಲೇರುತ್ತವೆ. ಸಾಲುಗಳು ಜಾರಿದರೂ ಕಾಲಮ್ಮಿನ ಮೊತ್ತ ಬದಲಾಗದಿರುವುದರಿಂದ, ಮೊತ್ತ ಹೊಂದಿತೆಂದು ಕೆಲಸ ಒಪ್ಪಿಸುವವರು ಈ ದೋಷವನ್ನು ಎಂದೂ ಕಾಣಲಾರರು.

ಹಾಗಾಗಿ ಹೊಲಿಗೆಯ ಆಚೆಈಚೆಗಳನ್ನು ಒಂದೇ ಸಮೀಕರಣದಲ್ಲಿ ಕಟ್ಟುವ ತಾಳೆ ಬೇಕಾಗಿತ್ತು, ಅದು ಕೋಷ್ಟಕದಲ್ಲಿಯೇ ಇತ್ತು: ಎಡಪುಟದ ಪುರುಷರ ಸಂಖ್ಯೆಯು ಬಲಪುಟದ ಒಂಬತ್ತು ವರ್ಗಗಳ ಪುರುಷರು ಮತ್ತು ಹತ್ತನೆಯ ವರ್ಗದ ಪುರುಷರ ಮೊತ್ತಕ್ಕೆ ಸಮನಾಗಲೇಬೇಕು. ಎಲ್ಲೋ ಒಂದೇ ಸಾಲಿನಲ್ಲಿ ಇದು ಕೆಟ್ಟರೆ, 3 ಇದ್ದಲ್ಲಿ 8 ಎಂದು ಓದಿದಂತಹ ಅಂಕಿದೋಷ. ಒಂದು ಸಾಲಿನಿಂದ ಆರಂಭವಾಗಿ ಕೆಳಗಿನವೆಲ್ಲ ಕೆಟ್ಟರೆ ಅದು ಜಾರುವಿಕೆ, ಮತ್ತು ಆರಂಭದ ಆ ಸಾಲೇ ಬೇಚರಾಕ್ ಗ್ರಾಮ.

ಬಲಪುಟದ ಹೊರಅಂಚಿನಲ್ಲಿ ಕ್ರಮಸಂಖ್ಯೆ ಮತ್ತೆ ಮುದ್ರಿತವಾಗಿದ್ದರೆ ಅದನ್ನೇ ಕೀಲಿಯಾಗಿ ಹಿಡಿಯಬಹುದು. ನನ್ನ ಪ್ರತಿಯಲ್ಲಿ ಬೈಂಡಿಂಗ್ ಮಾಡಿದವರು ಅಂಚನ್ನು ಕತ್ತರಿಸಿದ್ದರು. ಆದ್ದರಿಂದ ಶಿರೋನಾಮೆಯ ಕೆಳಗಿನ ಕಾಲಮ್ ಸಂಖ್ಯೆಗಳ ಗೆರೆಯನ್ನೂ ಪುಟದ ಕೊನೆಯ ಅಡ್ಡಗೆರೆಯನ್ನೂ ಎರಡು ಗುರುತುಗಳಾಗಿ ಹಿಡಿದು, ಎರಡೂ ಪುಟಗಳ ಎತ್ತರವನ್ನು ಒಂದೇ ಅಳತೆಗೆ ತಂದು, ಎಡಪುಟದ ಕ್ರಮಸಂಖ್ಯೆಯ ಎತ್ತರದಲ್ಲಿಯೇ ಬಲಪುಟದ ಸಾಲನ್ನು ಹುಡುಕಿಸಿದೆ. ಅಲ್ಲಿ ಅಂಕಿ ಇಲ್ಲದಿದ್ದರೆ ಸೊನ್ನೆ ತುಂಬಿ, ಪಕ್ಕದ ಕಾಲಮ್ಮಿನಲ್ಲಿ ಬೇಚರಾಕ್ ಎಂದು ಗುರುತು ಹಾಕಿದೆ. ಉದ್ದದ ಹೆಸರು ಎರಡು ಸಾಲಾದಾಗ ಅಂಕಿಗಳು ಯಾವ ಸಾಲಿಗೆ ಹೊಂದುತ್ತವೆ ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಅದನ್ನು ತಾನಾಗಿ ತಿಳಿಯುವ ಉಪಾಯವೊಂದು ನನ್ನಲ್ಲಿದೆ, ಆದರೆ ಹೊಟ್ಟೆಪಾಡಿನ ವಿಷಯವಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಉಳಿದದ್ದು ಇಷ್ಟೇ:

```python
df = left.merge(right, on=["taluk", "sl"], how="outer",
                validate="one_to_one", indicator=True)
bad = df[(df["_merge"] != "both") |
         (df["male"].fillna(0) != df["m_1_9"] + df["m_10"])]
```

ಕ್ರಮಸಂಖ್ಯೆ ಪ್ರತಿ ತಾಲ್ಲೂಕಿನಲ್ಲಿ 1ರಿಂದ ಮತ್ತೆ ಆರಂಭವಾಗುವುದರಿಂದ ಕೀಲಿಯಲ್ಲಿ ತಾಲ್ಲೂಕಿನ ಹೆಸರೂ ಇರಬೇಕು. ಜೋಡಿಪುಟಗಳನ್ನು ಮೊದಲು ಅಡ್ಡಲಾಗಿ ಸೇರಿಸಿ, ಆಮೇಲೆಯೇ ಒಂದರ ಕೆಳಗೊಂದು ಪೇರಿಸಬೇಕು. ಕ್ರಮ ತಿರುಗಿಸಿದರೆ ಒಂದು ಪುಟದ ಜಾರುವಿಕೆ ಮುಂದಿನ ಪುಟಗಳಿಗೂ ಹರಡುತ್ತದೆ.

ಹಣದ ಮಾತು ಹೇಳುವುದಾದರೆ, ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಿ ತಾಳೆ ನೋಡುವ ಹಳೆಯ ಪದ್ಧತಿಯಲ್ಲಿ ಜೋಡಿಪುಟಕ್ಕೆ ನೂರು ರೂಪಾಯಿಯ ಹತ್ತಿರ ಖರ್ಚಾಗುತ್ತಿತ್ತು, ನಾನು ಒಪ್ಪಿದ್ದ ದರ ಸುಮಾರು ಎಪ್ಪತ್ತು. ಮೊದಲ ಕಂತಿನ ಪುಟಗಳಲ್ಲಿ ಕೈಯಿಂದಲೇ ಹಣ ಹೋಯಿತು. ಈಗ ಸಮೀಕರಣ ಕೆಟ್ಟ ಸಾಲುಗಳನ್ನಷ್ಟೇ ಒಬ್ಬರು ಪುಸ್ತಕ ನೋಡಿ ತಿದ್ದುವುದರಿಂದ ಖರ್ಚು ಮೂವತ್ತರ ಆಸುಪಾಸಿಗೆ ಇಳಿದಿದೆ, ಅನುಮಾನಿಸಿದ್ದ ಗೆಳೆಯರಲ್ಲಿ ಇಬ್ಬರು ತಮ್ಮ ಕೆಲಸವನ್ನೂ ನನಗೇ ಕಳುಹಿಸುತ್ತಿದ್ದಾರೆ.

ಇದೇ ವಿಧಾನವನ್ನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಹಳೆಯ ಖಾತೆ ಪುಸ್ತಕದ ಮೇಲೂ ಪ್ರಯೋಗಿಸಿದೆ. ಅಲ್ಲಿ ಸಮಸ್ಯೆ ಬೇರೆ. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಮೊತ್ತ ಬರೆದಿರುತ್ತದೆ, ಅದನ್ನು ಸಾಲೆಂದು ಸೇರಿಸಿದರೆ ಒಟ್ಟು ಲೆಕ್ಕ ಹಲವು ಪಟ್ಟು ಉಬ್ಬುತ್ತದೆ. ಅದನ್ನು ತೆಗೆದುಹಾಕುವ ಮೊದಲು ಹಿಂದಿನ ಪುಟದ ಅಡಿಯ ಮೊತ್ತದೊಂದಿಗೆ ಹೋಲಿಸಿದರೆ, ನಡುವೆ ಹಾಳೆ ಹರಿದುಹೋಗಿದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಕೈಬರಹವಾದ್ದರಿಂದ ಅಂಕಿಗಳನ್ನು ಮಾತ್ರ ಟೈಪ್ ಮಾಡಿಸಲೇಬೇಕಾಯಿತು, ಆ ಕೆಲಸದಲ್ಲಿ ನನಗೆ ಏನೂ ಉಳಿಯಲಿಲ್ಲ.